ಮಾರಾಟ ಒಮ್ಮೆ, ಎಂಟ್ರಿಯೂ ಒಮ್ಮೆ

ಒಂದು ದಿನದ ಮಾರಾಟವನ್ನು ಲೆಕ್ಕದ ಪುಸ್ತಕದಲ್ಲಿ ಎರಡು ಸಲ ಬರೆದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಡೆಬಿಟ್ ಕಡೆ ಎಷ್ಟು ಹೆಚ್ಚಾಯಿತೋ ಕ್ರೆಡಿಟ್ ಕಡೆಯೂ ಅಷ್ಟೇ ಹೆಚ್ಚಾಗಿರುತ್ತದೆ. ಅಂಕಿ ತಿರುವುಮುರುವಾದರೆ, ಒಂದು ಬದಿ ಬಿಟ್ಟುಹೋದರೆ ತಕ್ಷಣ ತೋರಿಸಿಕೊಡುವ ಡಬಲ್ ಎಂಟ್ರಿ ಪದ್ಧತಿಗೆ ಈ ತಪ್ಪು ಕಾಣುವುದೇ ಇಲ್ಲ. ಇಡೀ ಎಂಟ್ರಿಯೇ ಮರುಕಳಿಸಿದಾಗ ಅದು ಪದ್ಧತಿಯ ದೃಷ್ಟಿಯಲ್ಲಿ ಇನ್ನೊಂದು ಸರಿಯಾದ ಎಂಟ್ರಿ, ಅಷ್ಟೇ.

ಆದರೆ ಅಂಗಡಿಯವರಿಗೆ ಅದರ ಪೆಟ್ಟು ಬೀಳುತ್ತದೆ. ಆಗದ ಮಾರಾಟಕ್ಕೆ ಜಿಎಸ್‌ಟಿ ಕಟ್ಟಬೇಕಾಗುತ್ತದೆ. ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಲೆಕ್ಕ ಹಾಕಬೇಕಾಗುತ್ತದೆ. ಪುಸ್ತಕದಲ್ಲಿ ಇರುವ ನಗದು ಗಲ್ಲಾದಲ್ಲಿ ಇಲ್ಲವೆಂದು ಏನೂ ಮಾಡದ ಕ್ಯಾಷಿಯರ್ ಮೇಲೆ ಅನುಮಾನ ಬರುತ್ತದೆ.

ಮೊದಲು ಅಕೌಂಟೆಂಟ್ ಕೈಯಲ್ಲೇ ಬರೆಯುತ್ತಿದ್ದಾಗ ‘ನಿನ್ನೆಯದನ್ನು ಬರೆದಾಯಿತು’ ಎಂಬ ನೆನಪು ಅವರಿಗಿರುತ್ತಿತ್ತು. ಈಗ ಹೋಟೆಲು, ಬೇಕರಿ, ಮೆಡಿಕಲ್ ಶಾಪುಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ರಾತ್ರಿ ದಿನದ ಮೊತ್ತವನ್ನು ತಾನೇ ಲೆಕ್ಕದ ಸಾಫ್ಟ್‌ವೇರಿಗೆ ಕಳಿಸುತ್ತದೆ. ಆ ನೆನಪನ್ನು ಸಾಫ್ಟ್‌ವೇರಿಗೂ ಕೊಡದಿದ್ದರೆ ಎರಡು ಸಲ ಬೀಳುವ ಎಂಟ್ರಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಕೊಡುವುದು ಹೇಗೆ ಎಂಬುದನ್ನು ಒಂದು ದರ್ಶಿನಿಯ ಒಂದು ದಿನದ ಲೆಕ್ಕ ಹಿಡಿದು ನೋಡೋಣ.

ದಿನಕ್ಕೊಂದೇ ಎಂಟ್ರಿ ಏಕೆ

ದರ್ಶಿನಿಯಲ್ಲಿ ದಿನಕ್ಕೆ ನಾಲ್ಕು ನೂರು ಬಿಲ್ ಆಗುವುದು ದೊಡ್ಡ ವಿಷಯವೇನಲ್ಲ. ಇಡ್ಲಿ ವಡೆಯ ಒಂದೊಂದು ಬಿಲ್ಲನ್ನೂ ಲೆಕ್ಕದ ಪುಸ್ತಕಕ್ಕೆ ಏರಿಸಿದರೆ ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಎಂಟ್ರಿಗಳಾಗುತ್ತವೆ. ಅವುಗಳಿಂದ ಆಡಿಟರಿಗೂ ಉಪಯೋಗವಿಲ್ಲ, ಮಾಲೀಕರಿಗೂ ಇಲ್ಲ. ಬಿಲ್‌ಗಳ ವಿವರ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಇದ್ದೇ ಇರುತ್ತದೆ. ಲೆಕ್ಕದ ಪುಸ್ತಕಕ್ಕೆ ಬೇಕಾದದ್ದು ಎಷ್ಟು ಮಾರಾಟವಾಯಿತು, ಎಷ್ಟು ತೆರಿಗೆ, ಹಣ ಯಾವ ಯಾವ ರೂಪದಲ್ಲಿ ಬಂತು ಎಂಬ ಮೂರೇ ಸಂಗತಿ.

ಕಾನೂನಿಗೂ ದಿನದ ಮೊತ್ತ ಹೊಸದಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಕೊಳ್ಳುವವರು ನೋಂದಾಯಿತ ವ್ಯಾಪಾರಿಯಲ್ಲದಿದ್ದರೆ ಮತ್ತು ಬಿಲ್ ಕೇಳದಿದ್ದರೆ, 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಬಿಡಿ ಬಿಲ್ ಕೊಡಲೇಬೇಕೆಂದಿಲ್ಲ. ದಿನದ ಕೊನೆಗೆ ಅಂಥವೆಲ್ಲಕ್ಕೂ ಸೇರಿಸಿ ಒಂದು ಒಟ್ಟು ಬಿಲ್ ಮಾಡಿದರೆ ಸಾಕು. ತಿಂಗಳ ಜಿಎಸ್‌ಟಿಆರ್-1 ರಿಟರ್ನ್‌ನಲ್ಲೂ ಸಾಮಾನ್ಯ ಗ್ರಾಹಕರ ಇಂಥ ಸಣ್ಣ ಮಾರಾಟವನ್ನು ತೆರಿಗೆ ದರಕ್ಕೊಂದರಂತೆ ಒಟ್ಟಾಗಿ ತೋರಿಸುತ್ತಾರೆ. ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ತೆಗೆದುಕೊಂಡವರದ್ದನ್ನು ಮಾತ್ರ ಬಿಡಿಬಿಡಿಯಾಗಿ ತೋರಿಸಬೇಕು.

ಹಾಗಾಗಿ ದಿನಕ್ಕೊಂದು ಎಂಟ್ರಿ ಎಂಬುದು ಸರಿಯಾದ ಕ್ರಮವೇ. ಆದರೆ ಅದರಿಂದಲೇ ಅಪಾಯವೂ ದೊಡ್ಡದಾಗುತ್ತದೆ. ಒಂದು ಬಿಲ್ ಎರಡು ಸಲ ಬಿದ್ದರೆ ನೂರು ರೂಪಾಯಿಯ ತಪ್ಪು. ದಿನದ ಎಂಟ್ರಿಯೇ ಎರಡು ಸಲ ಬಿದ್ದರೆ ಒಂದು ದಿನದ ಇಡೀ ವ್ಯಾಪಾರದಷ್ಟು ತಪ್ಪು.

ಶುಕ್ರವಾರದ ಲೆಕ್ಕ

ತುಮಕೂರಿನಲ್ಲಿ ಒಂದು ದರ್ಶಿನಿ ಇದೆ ಎಂದುಕೊಳ್ಳಿ. 2025ರ ನವೆಂಬರ್ 14, ಶುಕ್ರವಾರ. ರಾತ್ರಿ ಬಾಗಿಲು ಹಾಕುವಾಗ ಕ್ಯಾಷಿಯರ್ ‘ಡೇ ಕ್ಲೋಸ್’ ಒತ್ತುತ್ತಾರೆ. ಆಗ ಬರುವ ಉದ್ದನೆಯ ಚೀಟಿಯೇ ಝಡ್ ರಿಪೋರ್ಟ್. ಇದು ಹಳೆಯ ಕ್ಯಾಷ್ ರಿಜಿಸ್ಟರ್ ಕಾಲದಿಂದ ಬಂದ ಪದ್ಧತಿ. ದಿನದ ನಡುವೆ ಎಷ್ಟಾಯಿತೆಂದು ನೋಡಲು ತೆಗೆಯುವುದು ಎಕ್ಸ್ ರಿಪೋರ್ಟ್. ಅದನ್ನು ಎಷ್ಟು ಸಲ ತೆಗೆದರೂ ಲೆಕ್ಕ ಮುಂದುವರಿಯುತ್ತಲೇ ಇರುತ್ತದೆ. ಝಡ್ ತೆಗೆದರೆ ದಿನದ ಎಣಿಕೆ ಸೊನ್ನೆಗೆ ಬರುತ್ತದೆ, ಝಡ್‌ಗೆ ಒಂದು ಕ್ರಮಸಂಖ್ಯೆ ಬೀಳುತ್ತದೆ, ಮುಂದಿನ ಬಿಲ್ ಮುಂದಿನ ದಿನದ್ದಾಗುತ್ತದೆ. ಎಂಟ್ರಿ ಹಾಕಬೇಕಾದದ್ದು ಝಡ್ ರಿಪೋರ್ಟಿನಿಂದ ಮಾತ್ರ. ಮಧ್ಯಾಹ್ನದ ಎಕ್ಸ್ ರಿಪೋರ್ಟ್ ನೋಡಿ ಒಂದು ಎಂಟ್ರಿ, ರಾತ್ರಿ ಝಡ್ ನೋಡಿ ಇನ್ನೊಂದು ಎಂಟ್ರಿ ಹಾಕಿದರೆ ಬೆಳಗಿನ ತಿಂಡಿಯ ವ್ಯಾಪಾರ ಎರಡು ಸಲ ಸೇರಿಬಿಡುತ್ತದೆ.

ನಮ್ಮ ಚೀಟಿಯಲ್ಲಿ ಹೀಗಿದೆ: ಝಡ್ ಸಂಖ್ಯೆ 731. ಬಿಲ್ ನಂಬರ್ 18204ರಿಂದ 18615ರವರೆಗೆ, ಒಟ್ಟು 412 ಬಿಲ್. ತೆರಿಗೆ ಬಿಟ್ಟು ಮಾರಾಟ 40,000 ರೂಪಾಯಿ. ಇಂಥ ಹೋಟೆಲಿಗೆ ಜಿಎಸ್‌ಟಿ ಶೇ. 5, ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹಾಗಾಗಿ ಎರಡೂ ಕಡೆ ಸಾವಿರ ಸಾವಿರ. ಬಿಲ್‌ಗಳನ್ನು ಪೂರ್ತಿ ರೂಪಾಯಿಗೆ ತಂದದ್ದರಿಂದ ಹೆಚ್ಚು ಬಂದದ್ದು 12 ರೂಪಾಯಿ. ಒಟ್ಟು 42,012. ಅದರಲ್ಲಿ ನಗದು 15,312, ಯುಪಿಐ 22,400, ಕಾರ್ಡ್ 4,300.

ಜರ್ನಲ್ ಎಂಟ್ರಿ ಹೀಗೆ ಬರುತ್ತದೆ:

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ಕೌಂಟರ್ ನಗದು | 15,312 | |
| ಯುಪಿಐ ಬರಬೇಕಾದದ್ದು | 22,400 | |
| ಕಾರ್ಡ್ ಬರಬೇಕಾದದ್ದು | 4,300 | |
| ಹೋಟೆಲ್ ಮಾರಾಟ | | 40,000 |
| ಸಿಜಿಎಸ್‌ಟಿ ಕೊಡಬೇಕಾದದ್ದು | | 1,000 |
| ಎಸ್‌ಜಿಎಸ್‌ಟಿ ಕೊಡಬೇಕಾದದ್ದು | | 1,000 |
| ರೌಂಡ್ ಆಫ್ | | 12 |
| ಒಟ್ಟು | 42,012 | 42,012 |

ಡೆಬಿಟ್ ಕಡೆಯ ಮೂರು ಖಾತೆಗಳನ್ನು ಗಮನಿಸಿ. ಅಲ್ಲಿ ಬ್ಯಾಂಕ್ ಖಾತೆಯಾಗಲಿ ಮುಖ್ಯ ನಗದು ಖಾತೆಯಾಗಲಿ ಇಲ್ಲ. ಮೂರೂ ಹಣ ದಾರಿಯಲ್ಲಿರುವಾಗ ನಿಲ್ಲುವ ಖಾತೆಗಳು. ಲೆಕ್ಕದವರು ಇವನ್ನು ಕ್ಲಿಯರಿಂಗ್ ಖಾತೆ ಎನ್ನುತ್ತಾರೆ. ಮಾರಾಟವಾದಾಗ ಇಲ್ಲಿ ಮೊತ್ತ ಏರುತ್ತದೆ, ಹಣ ಕೈಸೇರಿದಾಗ ಇಳಿಯುತ್ತದೆ. ಎಲ್ಲವೂ ಸರಿಯಾಗಿದ್ದರೆ ಎರಡು ಮೂರು ದಿನದಲ್ಲಿ ಆ ದಿನದ ಬಾಕಿ ಸೊನ್ನೆಯಾಗುತ್ತದೆ. ಎಂಟ್ರಿ ಎರಡು ಸಲ ಬಿದ್ದದ್ದನ್ನು ಪತ್ತೆ ಹಚ್ಚಲು ಈ ಖಾತೆಗಳೇ ಆಧಾರ.

ಮೊದಲ ದಾರಿ: ಒಂದೇ ಝಡ್ ಎರಡು ಸಲ

ಎಂಟ್ರಿ ಎರಡಾಗಲು ಎರಡು ದಾರಿಗಳಿವೆ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮೊದಲನೆಯದು ತಾಂತ್ರಿಕ.

ಬಿಲ್ಲಿಂಗ್ ಸಾಫ್ಟ್‌ವೇರ್ ರಾತ್ರಿ ಹನ್ನೊಂದೂವರೆಗೆ ಮೊತ್ತ ಕಳಿಸುತ್ತದೆ. ಲೆಕ್ಕದ ಸಾಫ್ಟ್‌ವೇರ್ ಅದನ್ನು ಪಡೆದು ಎಂಟ್ರಿ ಹಾಕುತ್ತದೆ. ‘ಆಯಿತು’ ಎಂಬ ಉತ್ತರ ವಾಪಸ್ ಬರುವಷ್ಟರಲ್ಲಿ ಇಂಟರ್ನೆಟ್ ಹೋಗುತ್ತದೆ, ಇಲ್ಲವೇ ಕರೆಂಟ್ ಹೋಗುತ್ತದೆ. ಕಳಿಸಿದ ಕಡೆಗೆ ಉತ್ತರ ಸಿಗಲಿಲ್ಲ. ಎಂಟ್ರಿ ಬೀಳಲೇ ಇಲ್ಲವೋ, ಬಿದ್ದು ಉತ್ತರ ಮಾತ್ರ ಕಳೆದುಹೋಯಿತೋ ಅದಕ್ಕೆ ತಿಳಿಯುವ ಮಾರ್ಗವಿಲ್ಲ. ಊರಿಗೆ ಮನಿಯಾರ್ಡರ್ ಕಳಿಸಿ, ರಸೀತಿ ಬರಲಿಲ್ಲವೆಂದು ಮತ್ತೊಮ್ಮೆ ಕಳಿಸಿದ ಹಾಗೆ, ಸಾಫ್ಟ್‌ವೇರ್ ಮತ್ತೊಮ್ಮೆ ಕಳಿಸುತ್ತದೆ. ಬೆಳಿಗ್ಗೆ ಬಂದ ಅಕೌಂಟೆಂಟ್ ‘ಫೇಲ್’ ಎಂಬ ಕೆಂಪು ಅಕ್ಷರ ನೋಡಿ ತಾವೂ ಒಮ್ಮೆ ಬಟನ್ ಒತ್ತಿದರೆ ಮೂರು ಸಲವಾಯಿತು.

ಮತ್ತೆ ಕಳಿಸುವುದನ್ನೇ ನಿಷೇಧಿಸಿದರೆ ನಿಜವಾಗಿ ಬೀಳದ ದಿನಗಳು ಪುಸ್ತಕದಲ್ಲಿ ಖಾಲಿ ಉಳಿಯುತ್ತವೆ. ಹಾಗಾಗಿ ಎಷ್ಟು ಸಲ ಕಳಿಸಿದರೂ ಒಮ್ಮೆ ಮಾತ್ರ ಬೀಳುವಂತೆ ಮಾಡಬೇಕು. ಅದಕ್ಕೆ ಪ್ರತಿ ದಿನದ ಲೆಕ್ಕಕ್ಕೂ ಬದಲಾಗದ ಒಂದು ಗುರುತು ಬೇಕು.

ಆ ಗುರುತನ್ನು ಯಾವುದರಿಂದ ಕಟ್ಟಬೇಕು ಎಂಬಲ್ಲೇ ಬಹಳ ಜನ ಎಡವುತ್ತಾರೆ. ಕಳಿಸಿದ ಗಂಟೆ ನಿಮಿಷ ಸೇರಿಸಿದರೆ ಪ್ರತಿ ಸಲ ಕಳಿಸುವಾಗಲೂ ಹೊಸ ಗುರುತು ಹುಟ್ಟುತ್ತದೆ, ಅದರಿಂದ ಯಾವುದನ್ನೂ ತಡೆಯಲಾಗದು. ತಾರೀಕು ಮಾತ್ರ ಇಟ್ಟರೆ, ಎರಡು ಕೌಂಟರ್ ಇರುವ ಕಡೆ ಎರಡನೆಯ ಕೌಂಟರಿನ ನಿಜವಾದ ಮಾರಾಟವನ್ನೇ ‘ಇದು ಆಗಲೇ ಬಂದಿದೆ’ ಎಂದು ತಿರಸ್ಕರಿಸಿಬಿಡುತ್ತದೆ. ಮೊತ್ತವನ್ನೇ ಗುರುತಾಗಿ ಇಡುವುದೂ ಆಗದು. ಎರಡು ಬೇರೆ ದಿನಗಳ ಮೊತ್ತ ಒಂದೇ ಆಗಬಾರದೆಂಬ ನಿಯಮವೇನಿಲ್ಲ. ಗುರುತು ಇರಬೇಕಾದದ್ದು ಕಳಿಸುವ ಕ್ರಿಯೆಗಲ್ಲ, ಮುಚ್ಚಿದ ದಿನಕ್ಕೆ. ಅಂಗಡಿ ಅಥವಾ ಕೌಂಟರಿನ ಕೋಡ್, ವ್ಯಾಪಾರದ ದಿನಾಂಕ, ಝಡ್ ಸಂಖ್ಯೆ, ಈ ಮೂರೂ ಸೇರಿದರೆ `TMK01-20251114-Z0731` ಎಂಬ ಗುರುತಾಗುತ್ತದೆ. ಇದನ್ನು ಇವತ್ತು ಕಳಿಸಿದರೂ ಮುಂದಿನ ವಾರ ಕಳಿಸಿದರೂ ಒಂದಕ್ಷರವೂ ಬದಲಾಗದು.

ಇನ್ನು ಈ ಗುರುತನ್ನು ನೆನಪಿಡುವ ಒಂದು ಪಟ್ಟಿ ಬೇಕು. ಸಾಫ್ಟ್‌ವೇರ್ ಬರೆಯುವವರು ಡೇಟಾಬೇಸಿನಲ್ಲಿ ಇಟ್ಟುಕೊಳ್ಳುವ ಆ ಪಟ್ಟಿ ಇಷ್ಟೇ ಚಿಕ್ಕದು:

```sql
CREATE TABLE posted_day (
  day_key  TEXT PRIMARY KEY,
  total    NUMERIC(12,2) NOT NULL,
  status   TEXT NOT NULL,
  voucher  TEXT
);

INSERT INTO posted_day (day_key, total, status)
VALUES ('TMK01-20251114-Z0731', 42012.00, 'PENDING')
ON CONFLICT (day_key) DO NOTHING;
```

ಮೊದಲ ಭಾಗ ಪಟ್ಟಿಯನ್ನು ಮಾಡುತ್ತದೆ. `PRIMARY KEY` ಎಂದರೆ ಒಂದೇ ಗುರುತು ಎರಡು ಸಾಲಿನಲ್ಲಿ ಇರುವಂತಿಲ್ಲ. ಎರಡನೆಯ ಭಾಗ ಶುಕ್ರವಾರದ ಗುರುತನ್ನು ಬರೆಯಲು ನೋಡುತ್ತದೆ. ಆಗಲೇ ಇದ್ದರೆ ಏನೂ ಮಾಡದೆ ಸುಮ್ಮನಾಗುತ್ತದೆ. ‘ಇದೆಯಾ ಎಂದು ಮೊದಲು ನೋಡು, ಇಲ್ಲದಿದ್ದರೆ ಬರೆ’ ಎಂದು ಎರಡು ಹೆಜ್ಜೆಯಲ್ಲಿ ಮಾಡಿಸಿದರೆ ಒಂದು ಸಂದು ಉಳಿಯುತ್ತದೆ. ಎರಡು ಕಂಪ್ಯೂಟರುಗಳು ಒಂದೇ ಕ್ಷಣದಲ್ಲಿ ನೋಡಿದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ, ಎರಡೂ ಬರೆಯುತ್ತವೆ. ನೋಡುವುದೂ ಬರೆಯುವುದೂ ಒಂದೇ ಹೆಜ್ಜೆಯಾದರೆ ಆ ಸಂದು ಮುಚ್ಚುತ್ತದೆ.

`PENDING` ಎಂಬುದಕ್ಕೂ ಕೆಲಸವಿದೆ. ಗುರುತು ಬರೆದಾಯಿತು, ಎಂಟ್ರಿ ಬಿದ್ದದ್ದು ಇನ್ನೂ ಖಾತ್ರಿಯಿಲ್ಲ ಎಂದು ಅದರ ಅರ್ಥ. ಉತ್ತರ ಬಂದ ಮೇಲೆ ಅದು `POSTED` ಆಗುತ್ತದೆ, ಪಕ್ಕದಲ್ಲಿ ವೋಚರ್ ಸಂಖ್ಯೆ ಕೂರುತ್ತದೆ. ಉತ್ತರ ಬಾರದೆ `PENDING` ಆಗಿಯೇ ಉಳಿದ ದಿನವನ್ನು ಕಣ್ಣುಮುಚ್ಚಿ ಮತ್ತೆ ಕಳಿಸಬಾರದು. ಈ ಗುರುತಿನ ವೋಚರ್ ಇದೆಯೇ ಎಂದು ಮೊದಲು ಲೆಕ್ಕದ ಸಾಫ್ಟ್‌ವೇರನ್ನು ಕೇಳಬೇಕು. ಇದೆ ಎಂದರೆ `POSTED` ಎಂದು ಗುರುತು ಹಾಕಿ ಮುಗಿಸುವುದು, ಇಲ್ಲ ಎಂದರೆ ಮಾತ್ರ ಕಳಿಸುವುದು.

ಹಾಗೆ ಕೇಳಬೇಕಾದರೆ ಲೆಕ್ಕದ ಪುಸ್ತಕದಲ್ಲೂ ಅದೇ ಗುರುತು ಇರಬೇಕು. ಟ್ಯಾಲಿ ಬಳಸುವವರು ಇಲ್ಲಿ ಒಂದು ಮಾತು ಗಮನಿಸಬೇಕು. ವೋಚರ್ ಸಂಖ್ಯೆಯನ್ನು ಆಟೊಮ್ಯಾಟಿಕ್ ಎಂದು ಬಿಟ್ಟರೆ ಎರಡನೆಯ ಸಲ ಬಿದ್ದ ಎಂಟ್ರಿಗೆ ಮುಂದಿನ ಸಂಖ್ಯೆ ಸಿಗುತ್ತದೆ, ನೋಡಿದವರಿಗೆ ಎರಡೂ ಅಸಲಿಯಾಗಿಯೇ ಕಾಣುತ್ತವೆ. ದಿನದ ಮಾರಾಟಕ್ಕೆಂದೇ ಒಂದು ಪ್ರತ್ಯೇಕ ವೋಚರ್ ಟೈಪ್ ಮಾಡಿ, ಸಂಖ್ಯೆಯನ್ನು ಮ್ಯಾನ್ಯುಯಲ್ ಇಟ್ಟು, ನಕಲು ಸಂಖ್ಯೆ ತಡೆಯುವ ಆಯ್ಕೆಗೆ ‘ಯೆಸ್’ ಕೊಟ್ಟು, ನಮ್ಮ ಗುರುತನ್ನೇ ವೋಚರ್ ಸಂಖ್ಯೆಯಾಗಿ ಕಳಿಸಿದರೆ, ಕಳಿಸುವ ಕಡೆ ತಪ್ಪಿದರೂ ಪಡೆಯುವ ಕಡೆ ತಡೆ ಇರುತ್ತದೆ. ಅಕೌಂಟೆಂಟ್ ಕೈಯಾರೆ ಎಂಟ್ರಿ ಹಾಕಿದರೂ ಅದೇ ವೋಚರ್ ಟೈಪ್, ಅದೇ ಸಂಖ್ಯೆ ಬಳಸಬೇಕು. ಕೈಯಲ್ಲಿ ಹಾಕಿದ್ದಕ್ಕೆ ಬೇರೆ ವೋಚರ್ ಟೈಪ್ ಬಳಸಿದರೆ ಈ ತಡೆ ಕೆಲಸ ಮಾಡುವುದಿಲ್ಲ.

ಎರಡನೆಯ ದಾರಿ: ಹಣ ಬಂದದ್ದೇ ಮಾರಾಟವೆಂದು ಬರೆದಾಗ

ಮೊದಲ ದಾರಿಯನ್ನು ಸಾಫ್ಟ್‌ವೇರ್ ಮುಚ್ಚಬಲ್ಲದು. ಎರಡನೆಯದನ್ನು ಮುಚ್ಚಬೇಕಾದವರು ಮನುಷ್ಯರು. ಇಲ್ಲಿ ಒಂದೇ ಕಾಗದ ಎರಡು ಸಲ ಬರುವುದಿಲ್ಲ. ಒಂದೇ ಮಾರಾಟ ಎರಡು ಬೇರೆ ಬೇರೆ ಕಾಗದಗಳಾಗಿ ಬರುತ್ತದೆ.

ಶನಿವಾರ ಬೆಳಿಗ್ಗೆ ಬ್ಯಾಂಕ್ ಖಾತೆಗೆ 22,400 ರೂಪಾಯಿ ಜಮೆಯಾಗುತ್ತದೆ. ಶುಕ್ರವಾರ ಕ್ಯೂಆರ್ ಕೋಡಿನಲ್ಲಿ ಬಂದ ಹಣವೆಲ್ಲ ಒಟ್ಟಾಗಿ ಸೇರಿದ ಮೊತ್ತ ಅದು. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕೂತ ಅಕೌಂಟೆಂಟ್ ಕಣ್ಣಿಗೆ ಅದು ಹೋಟೆಲಿನ ದುಡ್ಡು, ಅಂದರೆ ಮಾರಾಟ. ಬ್ಯಾಂಕ್ ಡೆಬಿಟ್, ಮಾರಾಟ ಕ್ರೆಡಿಟ್ ಎಂದು ಬರೆದುಬಿಟ್ಟರೆ, ರಾತ್ರಿಯ ಜರ್ನಲ್‌ನಲ್ಲಿ ಆಗಲೇ ಬಂದಿದ್ದ ಮಾರಾಟ ಮತ್ತೊಮ್ಮೆ ಬಂತು. ತೆರಿಗೆ ಸೇರಿದ ಮೊತ್ತವೆಂದು ಬಿಡಿಸಿದರೆ ಅದರಲ್ಲಿ 1,066 ರೂಪಾಯಿ 67 ಪೈಸೆ ಜಿಎಸ್‌ಟಿ. ಕಟ್ಟಬೇಕಿಲ್ಲದ ತೆರಿಗೆ, ಒಂದೇ ದಿನದ್ದು. ಗುರುತು, ಪಟ್ಟಿ, ವೋಚರ್ ಸಂಖ್ಯೆಯ ತಡೆ ಯಾವುದೂ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಈ ಎಂಟ್ರಿ ಬಂದದ್ದು ಝಡ್ ರಿಪೋರ್ಟಿನಿಂದ ಅಲ್ಲ.

ಮದ್ದು ಒಂದೇ ನಿಯಮದಲ್ಲಿದೆ: ಮಾರಾಟದ ಖಾತೆಗೆ ಬರೆಯುವ ಹಕ್ಕು ದಿನದ ಜರ್ನಲ್‌ಗೆ ಮಾತ್ರ. ಹಣ ಬಂದಾಗ ಅದು ಕ್ಲಿಯರಿಂಗ್ ಖಾತೆಯನ್ನು ಇಳಿಸಬೇಕೇ ಹೊರತು ಮಾರಾಟವನ್ನು ಮುಟ್ಟಬಾರದು. ನಮ್ಮ ಲೆಕ್ಕದಲ್ಲಿ ಶನಿವಾರದ ಸರಿಯಾದ ಎಂಟ್ರಿ ಎಂದರೆ ಬ್ಯಾಂಕ್ ಡೆಬಿಟ್ 22,400, ಯುಪಿಐ ಬರಬೇಕಾದದ್ದು ಕ್ರೆಡಿಟ್ 22,400.

ಕಾರ್ಡಿನದ್ದು ಸ್ವಲ್ಪ ಭಿನ್ನ. ಸೋಮವಾರ ಬ್ಯಾಂಕಿಗೆ ಬಂದದ್ದು 4,300 ಅಲ್ಲ, 4,257 ರೂಪಾಯಿ. ಕಾರ್ಡ್ ಶುಲ್ಕ ಶೇ. 1 ಎಂದಿಟ್ಟುಕೊಂಡರೆ 43 ರೂಪಾಯಿ ಮುರಿದುಕೊಂಡು ಕೊಟ್ಟಿದ್ದಾರೆ. ಈ ಪೂರ್ತಿ ಮೊತ್ತ ಖರ್ಚೇ. ಬ್ಯಾಂಕ್ ಡೆಬಿಟ್ 4,257, ಬ್ಯಾಂಕ್ ಶುಲ್ಕ ಡೆಬಿಟ್ 43, ಕಾರ್ಡ್ ಬರಬೇಕಾದದ್ದು ಕ್ರೆಡಿಟ್ 4,300. ಖಾತೆ ಸೊನ್ನೆಯಾಯಿತು.

ನಗದಿಗೂ ಇದೇ ಕ್ರಮ. ಕ್ಯಾಷಿಯರ್ ಎಣಿಸಿ ಮಾಲೀಕರ ಕೈಗೆ ಕೊಟ್ಟದ್ದು 15,262, ಚೀಟಿಗಿಂತ 50 ರೂಪಾಯಿ ಕಡಿಮೆ. ಮುಖ್ಯ ನಗದು ಡೆಬಿಟ್ 15,262, ನಗದು ಕೊರತೆ ಡೆಬಿಟ್ 50, ಕೌಂಟರ್ ನಗದು ಕ್ರೆಡಿಟ್ 15,312. ಆ ಐವತ್ತನ್ನು ಮಾರಾಟದಲ್ಲಿ ಕಳೆದು ಸರಿದೂಗಿಸಲು ಹೋಗಬಾರದು. ಮಾರಾಟವಾದದ್ದು ಆದದ್ದೇ, ಕೊರತೆಯನ್ನು ಕೊರತೆಯೆಂದೇ ತೋರಿಸಬೇಕು.

ಕರ್ನಾಟಕದ ವ್ಯಾಪಾರಿಗಳಿಗೆ ಯುಪಿಐ ಖಾತೆಯನ್ನು ಹೀಗೆ ಬೇರೆಯಾಗಿ ಇಡಲು ಇನ್ನೊಂದು ಕಾರಣವೂ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ‘ಈ ಯುಪಿಐ ಹಣ ನಿಮ್ಮ ಮಾರಾಟದಲ್ಲಿ ಎಲ್ಲಿ ಸೇರಿದೆ’ ಎಂದು ಕೇಳಿದರೆ, ಯಾವ ದಿನದ ಝಡ್ ರಿಪೋರ್ಟಿನಲ್ಲಿ ಏರಿತು, ಯಾವ ದಿನದ ಬ್ಯಾಂಕ್ ಜಮೆಯಲ್ಲಿ ಇಳಿಯಿತು ಎಂದು ಒಂದೇ ಖಾತೆಯ ಪುಟದಲ್ಲಿ ತೋರಿಸಬಹುದು. ಎರಡೂ ಕಡೆ ಮಾರಾಟವೆಂದೇ ಬರೆದಿದ್ದರೆ ಯಾವುದು ಯಾವುದರ ನಕಲು ಎಂದು ಮೊದಲು ನಾವೇ ಹುಡುಕಬೇಕಾಗುತ್ತದೆ.

ಈ ದಾರಿಯ ಇನ್ನೊಂದು ಕವಲು ಜಿಎಸ್‌ಟಿ ನಂಬರ್ ಇರುವ ಗ್ರಾಹಕರ ಬಿಲ್. ಒಂದು ಕಂಪನಿ ಮೀಟಿಂಗಿಗೆ ಊಟ ತರಿಸಿ ತಮ್ಮ ಹೆಸರಿಗೆ ಬಿಲ್ ಕೇಳಿದರೆ, ಕೌಂಟರಿನಲ್ಲಿ ಒಂದು ಬಿಲ್ ಆಗುತ್ತದೆ. ಅದನ್ನು ರಿಟರ್ನ್‌ನಲ್ಲಿ ಬಿಡಿಯಾಗಿ ತೋರಿಸಬೇಕೆಂದು ಅಕೌಂಟೆಂಟ್ ಟ್ಯಾಲಿಯಲ್ಲಿ ಇನ್ನೊಂದು ಸೇಲ್ಸ್ ವೋಚರ್ ಹಾಕುತ್ತಾರೆ. ದಿನದ ಮೊತ್ತದಲ್ಲೂ ಅದು ಸೇರಿದ್ದರೆ ಎರಡಾಯಿತು. ಇಂಥ ಬಿಲ್‌ಗಳನ್ನು ದಿನದ ಮೊತ್ತದಿಂದ ಹೊರಗಿಟ್ಟು ಬಿಡಿಯಾಗಿ ಕಳಿಸುವಂತೆ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಂದಿಸಬೇಕು. ಆಗ ಬಿಡಿ ಬಿಲ್‌ಗಳ ಮೊತ್ತ ಮತ್ತು ಜರ್ನಲ್‌ನ ಮೊತ್ತ ಕೂಡಿದರೆ ಝಡ್ ರಿಪೋರ್ಟಿನ ಮೊತ್ತ ಬರಬೇಕು.

ಮುಚ್ಚಿದ ದಿನವನ್ನು ಮತ್ತೆ ತೆರೆದರೆ

ಶನಿವಾರ ಬೆಳಿಗ್ಗೆ ಮಾಲೀಕರಿಗೆ ತಿಳಿಯುತ್ತದೆ: ಶುಕ್ರವಾರ ಒಂದು ಟೇಬಲ್ಲಿಗೆ ತಪ್ಪಾಗಿ 105 ರೂಪಾಯಿಯ ಬಿಲ್ ಆಗಿದೆ. ಅವರು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹಿಂದಿನ ತಾರೀಕಿಗೆ ಹೋಗಿ ಬಿಲ್ ರದ್ದು ಮಾಡುತ್ತಾರೆ. ಈಗ ಶುಕ್ರವಾರದ ಮೊತ್ತ 41,907. ಸಾಫ್ಟ್‌ವೇರ್ ‘ಲೆಕ್ಕ ಬದಲಾಗಿದೆ’ ಎಂದು ಇಡೀ ದಿನವನ್ನು ಹೊಸ ಗುರುತಿನಲ್ಲಿ ಮತ್ತೆ ಕಳಿಸಿದರೆ, 105 ರೂಪಾಯಿಯ ತಪ್ಪು ಸರಿಪಡಿಸಲು ಹೋಗಿ 41,907 ರೂಪಾಯಿಯ ತಪ್ಪು ಮಾಡಿದಂತಾಗುತ್ತದೆ. ಹಳೆಯ ಗುರುತಿನಲ್ಲೇ ಕಳಿಸಿದರೆ ‘ಆಗಲೇ ಇದೆ’ ಎಂದು ಸುಮ್ಮನಾಗಿ, ಬದಲಾವಣೆ ಪುಸ್ತಕಕ್ಕೆ ಬರುವುದೇ ಇಲ್ಲ.

ನಮ್ಮ ಪಟ್ಟಿಯಲ್ಲಿ ಗುರುತಿನ ಜೊತೆ ಮೊತ್ತವನ್ನೂ ಇಟ್ಟದ್ದು ಇದಕ್ಕಾಗಿಯೇ. ಗುರುತು ಒಂದೇ, ಮೊತ್ತವೂ ಒಂದೇ ಆದರೆ ಅದು ಬರೀ ಮರುಕಳಿಕೆ, ಬಿಟ್ಟುಬಿಡಬಹುದು. ಗುರುತು ಒಂದೇ ಇದ್ದು ಮೊತ್ತ ಬೇರೆಯಾದರೆ ಸಾಫ್ಟ್‌ವೇರ್ ಎರಡನ್ನೂ ಮಾಡಬಾರದು. ನಿಲ್ಲಿಸಿ ಅಕೌಂಟೆಂಟಿಗೆ ತೋರಿಸಬೇಕು. ಒಳ್ಳೆಯ ಪದ್ಧತಿ ಎಂದರೆ ಝಡ್ ಆದ ದಿನವನ್ನು ಮುಟ್ಟದಿರುವುದು. ತಪ್ಪು ಬಿಲ್ಲನ್ನು ಶನಿವಾರದ ದಿನದಲ್ಲಿ ವಾಪಸಾತಿಯಾಗಿ ತೋರಿಸಿದರೆ ಅದು ಶನಿವಾರದ ಝಡ್ ರಿಪೋರ್ಟಿನಲ್ಲಿ ತಾನೇ ಕಳೆಯುತ್ತದೆ.

ಮಧ್ಯರಾತ್ರಿ ದಾಟಿದ ಬಿಲ್‌ಗಳದ್ದೂ ಇದೇ ಜಾತಿಯ ತೊಡಕು. ಹನ್ನೆರಡು ಹತ್ತಕ್ಕೆ ಕೊಟ್ಟ ಬಿಲ್ ಗಡಿಯಾರದ ಪ್ರಕಾರ ಶನಿವಾರದ್ದು, ಝಡ್ ಪ್ರಕಾರ ಶುಕ್ರವಾರದ್ದು. ಒಂದು ದಿನ ಝಡ್ ಹಿಡಿದು, ಇನ್ನೊಂದು ದಿನ ಗಡಿಯಾರ ಹಿಡಿದು ಮೊತ್ತ ತೆಗೆದರೆ ಆ ಬಿಲ್ ಎರಡೂ ದಿನಗಳಲ್ಲಿ ಬರುತ್ತದೆ. ಯಾವಾಗಲೂ ಝಡ್ ಅನ್ನೇ ಹಿಡಿಯಬೇಕು. ಬಿಲ್ ಸಂಖ್ಯೆ ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಶುಕ್ರವಾರದ ಕೊನೆಯ ಬಿಲ್ 18615 ಆಗಿದ್ದರೆ ಶನಿವಾರದ ಮೊದಲ ಬಿಲ್ 18616 ಆಗಿರಲೇಬೇಕು. 18612ರಿಂದ ಶುರುವಾಗಿದ್ದರೆ ನಾಲ್ಕು ಬಿಲ್ ಎರಡು ಸಲ ಬಂದಿವೆ. 18620ರಿಂದ ಶುರುವಾಗಿದ್ದರೆ ನಾಲ್ಕು ಬಿಲ್ ಬಿಟ್ಟುಹೋಗಿವೆ.

ಬಿದ್ದದ್ದು ಗೊತ್ತಾಗುವುದು ಹೇಗೆ

ಮಾರಾಟದ ಖಾತೆ ಎಷ್ಟು ನೋಡಿದರೂ ಎಂಟ್ರಿ ಎರಡಾದದ್ದು ಕಾಣುವುದಿಲ್ಲ. ಹೆಚ್ಚಾದ ಮಾರಾಟ ಒಳ್ಳೆಯ ವ್ಯಾಪಾರದ ಹಾಗೆಯೇ ಇರುತ್ತದೆ. ನೋಡಬೇಕಾದದ್ದು ಕ್ಲಿಯರಿಂಗ್ ಖಾತೆಗಳನ್ನು. ಯಾವ ತಪ್ಪಾಗಿದೆ ಎಂಬುದನ್ನೂ ಅವೇ ಹೇಳುತ್ತವೆ.

ಝಡ್ ಎರಡು ಸಲ ಬಿದ್ದಿದ್ದರೆ ಮೂರೂ ಖಾತೆಗಳಲ್ಲಿ ಬಾಕಿ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ವಾರ ಕಳೆದರೂ ಕೌಂಟರ್ ನಗದು 15,312, ಯುಪಿಐ 22,400, ಕಾರ್ಡ್ 4,300 ಹಾಗೆಯೇ ನಿಂತಿರುತ್ತವೆ. ಕೂಡಿದರೆ ಸರಿಯಾಗಿ ಒಂದು ದಿನದ 42,012. ಬ್ಯಾಂಕ್ ಜಮೆಯನ್ನು ಮಾರಾಟವೆಂದು ಬರೆದಿದ್ದರೆ ಯುಪಿಐ ಖಾತೆಯಲ್ಲಿ ಮಾತ್ರ 22,400 ಉಳಿಯುತ್ತದೆ, ನಗದೂ ಕಾರ್ಡೂ ಸೊನ್ನೆಯಾಗಿರುತ್ತವೆ. ಈ ಸಲ ಬ್ಯಾಂಕ್ ಪಾಸ್‌ಬುಕ್ ಕೂಡ ಪುಸ್ತಕದೊಂದಿಗೆ ತಾಳೆಯಾಗುತ್ತದೆ, ಗಲ್ಲಾವೂ ತಾಳೆಯಾಗುತ್ತದೆ. ಯುಪಿಐ ಖಾತೆಯ ಆ ಒಂದು ಬಾಕಿ ಬಿಟ್ಟರೆ ಬೇರೆ ಸುಳಿವೇ ಇರುವುದಿಲ್ಲ. ದಿನದ ಎಂಟ್ರಿ ಬೀಳದೇ ಹೋಗಿದ್ದರೆ ಬಾಕಿ ತಿರುವಾಗಿ, ಅಂದರೆ ಕ್ರೆಡಿಟ್ ಕಡೆ ನಿಲ್ಲುತ್ತದೆ.

ಇದಲ್ಲದೆ ತಿಂಗಳಿಗೊಮ್ಮೆ ಮಾಡಬೇಕಾದ ಇನ್ನೊಂದು ತಾಳೆ ಇದೆ. ಅನೇಕ ಬಿಲ್ಲಿಂಗ್ ಯಂತ್ರಗಳಲ್ಲಿ ಝಡ್ ತೆಗೆದರೂ ಸೊನ್ನೆಯಾಗದ ಒಂದು ಮಹಾಮೊತ್ತ ಇರುತ್ತದೆ. ಯಂತ್ರ ಶುರುವಾದಂದಿನಿಂದ ಆದ ಒಟ್ಟು ಮಾರಾಟ ಅದು. ತಿಂಗಳ ಕೊನೆಯ ಝಡ್‌ನಲ್ಲಿರುವ ಮಹಾಮೊತ್ತದಿಂದ ಹಿಂದಿನ ತಿಂಗಳ ಕೊನೆಯದನ್ನು ಕಳೆದರೆ ಬರುವುದು ಈ ತಿಂಗಳ ಮಾರಾಟ. ಪುಸ್ತಕದ ಮಾರಾಟ, ತೆರಿಗೆ, ರೌಂಡ್ ಆಫ್ ಮೂರನ್ನೂ ಕೂಡಿದರೆ ಅಷ್ಟೇ ಬರಬೇಕು. ಜಿಎಸ್‌ಟಿಆರ್-1 ಸಲ್ಲಿಸಲು ಮುಂದಿನ ತಿಂಗಳ 11ರವರೆಗೆ ಸಮಯವಿದೆ. ಈ ಕಳೆಯುವ ಲೆಕ್ಕವನ್ನು ಅದಕ್ಕೂ ಮೊದಲು ಮಾಡಿದರೆ ತಪ್ಪು ಪುಸ್ತಕದಲ್ಲೇ ನಿಲ್ಲುತ್ತದೆ, ಸರ್ಕಾರಕ್ಕೆ ಹೋಗುವುದಿಲ್ಲ.

ಎರಡಾದದ್ದು ಸಿಕ್ಕಿತು ಎನ್ನಿ. ಅದನ್ನು ಅಳಿಸಿಹಾಕುವ ಬದಲು ಅದೇ ಅಂಕಿಗಳನ್ನು ತಿರುವಿ ಒಂದು ರಿವರ್ಸಲ್ ಎಂಟ್ರಿ ಹಾಕಿ, ವಿವರಣೆಯಲ್ಲಿ ಯಾವ ವೋಚರಿನ ನಕಲನ್ನು ರದ್ದು ಮಾಡಿದ್ದು ಎಂದು ಬರೆಯಬೇಕು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯನ್ನೂ ದಾಖಲಿಸುವ ಲೆಕ್ಕದ ಸಾಫ್ಟ್‌ವೇರ್ ಕಡ್ಡಾಯ. ಬೇರೆಯವರಿಗೂ ತಿದ್ದಿದ್ದರ ಜಾಡು ಉಳಿಯುವುದು ಒಳ್ಳೆಯದೇ. ರಿಟರ್ನ್ ಆಗಲೇ ಸಲ್ಲಿಕೆಯಾಗಿದ್ದರೆ ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದಬಹುದು. ಅದಕ್ಕೂ ಗಡುವಿದೆ: ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸುವ ದಿನ, ಯಾವುದು ಮೊದಲೋ ಅದು. ಅದು ದಾಟಿದರೆ ಹೆಚ್ಚು ತೋರಿಸಿದ ಮಾರಾಟವನ್ನು ರಿಟರ್ನ್‌ನಲ್ಲಿ ಇಳಿಸುವ ದಾರಿ ಮುಚ್ಚುತ್ತದೆ.

ಈ ವ್ಯವಸ್ಥೆಗೆ ಒಂದು ಮಿತಿ ಇದೆ. ಬಿಲ್ ಮಾಡದೆ ಕೊಟ್ಟ ಕಾಫಿಯನ್ನು ಇದು ಹಿಡಿಯಲಾರದು. ಝಡ್ ರಿಪೋರ್ಟಿಗೆ ಬಾರದ ಮಾರಾಟ ಪುಸ್ತಕಕ್ಕೂ ಬರುವುದಿಲ್ಲ. ಇದು ನೋಡಿಕೊಳ್ಳುವುದು ಬಿಲ್ ಆದದ್ದು ಪುಸ್ತಕಕ್ಕೆ ಒಮ್ಮೆ, ಒಮ್ಮೆಯೇ ಬರುವಂತೆ.

ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವಾಗ ಮಾರುವವರ ಮುಂದೆಯೇ ಒಂದು ಪರೀಕ್ಷೆ ಮಾಡಿಸಿ. ಡೆಮೊದಲ್ಲಿ ಎರಡು ಬಿಲ್ ಮಾಡಿ ಡೇ ಕ್ಲೋಸ್ ಒತ್ತಲಿ, ಲೆಕ್ಕದ ಸಾಫ್ಟ್‌ವೇರಿಗೆ ಕಳಿಸಲಿ. ಅದೇ ದಿನವನ್ನು ಮತ್ತೊಮ್ಮೆ ಕಳಿಸಲಿ. ಮೂರನೆಯ ಸಲ ಕಳಿಸುವಾಗ ಅರ್ಧದಲ್ಲಿ ಇಂಟರ್ನೆಟ್ ಕಿತ್ತು ಮತ್ತೆ ಜೋಡಿಸಲಿ. ಕೊನೆಗೆ ಒಂದು ಹಳೆಯ ಬಿಲ್ ರದ್ದು ಮಾಡಿ ನಾಲ್ಕನೆಯ ಸಲ ಕಳಿಸಲಿ. ಮೊದಲ ಮೂರರ ನಂತರ ವೋಚರ್ ಒಂದೇ ಇರಬೇಕು, ನಾಲ್ಕನೆಯದಕ್ಕೆ ಸಾಫ್ಟ್‌ವೇರ್ ನಿಂತು ‘ಮೊತ್ತ ಬದಲಾಗಿದೆ’ ಎಂದು ಹೇಳಬೇಕು. ಹತ್ತು ನಿಮಿಷದ ಈ ಪರೀಕ್ಷೆಯಲ್ಲಿ ಪಾಸಾಗದ ಸಾಫ್ಟ್‌ವೇರನ್ನು, ಅದರ ಬಿಲ್ ಎಷ್ಟೇ ಚೆಂದ ಪ್ರಿಂಟಾದರೂ, ನಿಮ್ಮ ಲೆಕ್ಕದ ಪುಸ್ತಕಕ್ಕೆ ಜೋಡಿಸಬೇಡಿ.